ಆಂಟೆನಾದ ಇನ್ನರ್ಧ ಎಲ್ಲಿದೆ?

ಮೊಬೈಲಿನಲ್ಲಿ ಎಫ್.ಎಂ. ರೇಡಿಯೊ ಕೇಳಲು ಹೋದವರು ಒಮ್ಮೆಯಾದರೂ ಈ ಕಿರಿಕಿರಿ ಅನುಭವಿಸಿರುತ್ತಾರೆ. ಆ್ಯಪ್ ತೆರೆದ ಕೂಡಲೇ ಇಯರ್‌ಫೋನ್ ಸಿಕ್ಕಿಸಿ ಎನ್ನುತ್ತದೆ. ಸ್ಪೀಕರ್‌ನಲ್ಲೇ ಕೇಳುತ್ತೇನೆ, ಕಿವಿಗೇನೂ ಬೇಡ ಎಂದರೂ ಫೋನು ಪಟ್ಟು ಬಿಡದು. ಅದಕ್ಕೆ ಬೇಕಾಗಿರುವುದು ಇಯರ್‌ಫೋನ್ ಅಲ್ಲ, ಅದರ ತಂತಿ. ಬೆಂಗಳೂರಿನ ಎಫ್.ಎಂ. ರೇನ್‌ಬೋ 101.3 ಮೆಗಾಹರ್ಟ್ಸ್‌ನಲ್ಲಿ ಬರುತ್ತದೆ. ಆ ಅಲೆಯನ್ನು ಚೆನ್ನಾಗಿ ಹಿಡಿಯಲು ಮುಕ್ಕಾಲು ಮೀಟರಿನ ಆಸುಪಾಸಿನ ಲೋಹ ಬೇಕು. ಅಂಗೈಯಲ್ಲಿ ಅಡಗುವ ಫೋನಿನೊಳಗೆ ಅಷ್ಟು ಉದ್ದಕ್ಕೆ ಜಾಗವೆಲ್ಲಿ? ಹಾಗಾಗಿ ಇಯರ್‌ಫೋನ್ ತಂತಿಯನ್ನೇ ಅದು ಆಂಟೆನಾ ಮಾಡಿಕೊಳ್ಳುತ್ತದೆ.

ಆದರೆ ಆ ತಂತಿ ಆಂಟೆನಾದ ಅರ್ಧ ಮಾತ್ರ. ಇನ್ನರ್ಧ ಫೋನಿನ ಲೋಹದ ಮೈ, ಮತ್ತು ಅದನ್ನು ಹಿಡಿದ ಕೈ. ಹಳೆಯ ಟ್ರಾನ್ಸಿಸ್ಟರಿನ ಕಡ್ಡಿ ಎಳೆದು ನಿಲ್ಲಿಸಿ, ಸೆಟ್ಟನ್ನು ಕೈಯಲ್ಲಿ ಹಿಡಿದಾಗ ಸ್ಟೇಷನ್ ಸ್ಪಷ್ಟವಾಗಿ, ಮೇಜಿನ ಮೇಲಿಟ್ಟ ಕೂಡಲೇ ಗೊರಗೊರ ಎಂದದ್ದು ಹಲವರಿಗೆ ನೆನಪಿರಬಹುದು. ಕಣ್ಣಿಗೆ ಕಾಣುವ ಒಂಟಿ ಕಡ್ಡಿಯೇ ಆಂಟೆನಾ ಎಂದು ನಂಬಿದವರಿಗೆ ಇದು ಒಗಟು. ಒಗಟು ಬಿಡಿಸಲು ಎರಡು ಪ್ರಶ್ನೆ ಕೇಳಿಕೊಂಡರೆ ಸಾಕು: ಆಂಟೆನಾ ಇಷ್ಟೇ ಉದ್ದ ಇರಬೇಕು ಎನ್ನುವುದು ಯಾಕೆ? ಅದನ್ನು ಅರ್ಧಕ್ಕೆ ಕತ್ತರಿಸಿದರೆ ಉಳಿದರ್ಧದ ಕೆಲಸವನ್ನು ಯಾರು ಮಾಡುತ್ತಾರೆ?

ಉದ್ದದ ಲೆಕ್ಕ ಸುಲಭ. ರೇಡಿಯೊ ಅಲೆ ಸೆಕೆಂಡಿಗೆ ಸುಮಾರು 30 ಕೋಟಿ ಮೀಟರ್ ಓಡುತ್ತದೆ. ಹೀಗಾಗಿ 300ನ್ನು ಮೆಗಾಹರ್ಟ್ಸ್‌ನಲ್ಲಿರುವ ಕಂಪನಾಂಕದಿಂದ ಭಾಗಿಸಿದರೆ ಒಂದು ಅಲೆಯ ಉದ್ದ, ಅಂದರೆ ತರಂಗದೂರ, ಮೀಟರಿನಲ್ಲಿ ಸಿಗುತ್ತದೆ. ಭಾರತದಲ್ಲಿ ಹವ್ಯಾಸಿ ರೇಡಿಯೊದವರು, ಅಂದರೆ ಹ್ಯಾಮ್‌ಗಳು, ಹೆಚ್ಚಾಗಿ ಬಳಸುವ ಪಟ್ಟಿ 144ರಿಂದ 146 ಮೆಗಾಹರ್ಟ್ಸ್. ನಡುವಿನ 145ನ್ನು ತೆಗೆದುಕೊಂಡರೆ ತರಂಗದೂರ 2.07 ಮೀಟರ್. ಅದರ ಅರ್ಧ 103 ಸೆಂಟಿಮೀಟರ್, ಕಾಲು ಭಾಗ ಸುಮಾರು 52 ಸೆಂಟಿಮೀಟರ್. ಈ ಮೂರು ಅಂಕಿಗಳು ಸಾಕು, ಮುಂದಿನ ಕಥೆ ಇವುಗಳ ಮೇಲೆಯೇ ನಡೆಯುತ್ತದೆ.

ಮೊದಲು ಪೂರ್ತಿ ಆಂಟೆನಾ ನೋಡೋಣ. 103 ಸೆಂಟಿಮೀಟರಿನ ತಂತಿಯನ್ನು ನಟ್ಟನಡುವೆ ಕತ್ತರಿಸಿ, ಎರಡೂ ತುಂಡುಗಳನ್ನು ಒಂದೇ ಗೆರೆಯಲ್ಲಿ ಚಾಚಿ, ಕತ್ತರಿಸಿದ ಜಾಗಕ್ಕೆ ಕೇಬಲ್ಲಿನ ಎರಡು ಎಳೆಗಳನ್ನು ಒಂದೊಂದಾಗಿ ಜೋಡಿಸಿದರೆ ಅದು ಡೈಪೋಲ್. ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ಹೈನ್‌ರಿಷ್ ಹರ್ಟ್ಸ್ 1887ರ ಸುಮಾರಿಗೆ ರೇಡಿಯೊ ಅಲೆಗಳನ್ನು ಮೊದಲ ಬಾರಿಗೆ ಹುಟ್ಟಿಸಿ ತೋರಿಸಿದ್ದು ಇದೇ ಬಗೆಯ ಜೋಡಿ ಕಡ್ಡಿಗಳಿಂದ. ನಮ್ಮ ಮನೆಗಳ ತಾರಸಿಯ ಮೇಲೆ ದೂರದರ್ಶನದ ಕಾಲದಲ್ಲಿ ನಿಂತಿದ್ದ ಏಣಿಯಂಥ ಆಂಟೆನಾದಲ್ಲಿಯೂ ವೈರು ಸೇರುತ್ತಿದ್ದದ್ದು ಒಂದೇ ಒಂದು ಕೊಳವೆಗೆ. ಆ ಮಡಿಸಿದ ಕೊಳವೆಯೂ ಡೈಪೋಲೇ. ಮಿಕ್ಕ ಕಡ್ಡಿಗಳು ಅಲೆಯನ್ನು ಅದರತ್ತ ತಿರುಗಿಸಿಕೊಡುವ ಸಹಾಯಕರು, ಅಷ್ಟೆ.

ಟ್ರಾನ್ಸ್‌ಮಿಟರ್ ಡೈಪೋಲಿನ ನಡುವೆ ಕರೆಂಟನ್ನು ತಳ್ಳುತ್ತದೆ. ಅದು ಎರಡೂ ಕಡೆಯ ತುದಿಗಳತ್ತ ಓಡುತ್ತದೆ, ತುದಿ ತಲುಪಿದಾಗ ಮುಂದೆ ದಾರಿಯಿಲ್ಲ. ಗೋಡೆಗೆ ಹೊಡೆದ ಚೆಂಡಿನಂತೆ ದಿಕ್ಕು ಬದಲಿಸಿ ವಾಪಸ್ ಬರುತ್ತದೆ. ಹೋಗುವಾಗ ಕಾಲು ತರಂಗದೂರ, ಬರುವಾಗ ಕಾಲು. ಒಟ್ಟು ಅರ್ಧ ಅಲೆಯ ಹೊತ್ತು ಕಳೆಯಿತು. ತುದಿಯಲ್ಲಿ ಕರೆಂಟು ತಲೆಕೆಳಗಾದದ್ದು ಇನ್ನೊಂದು ಅರ್ಧಕ್ಕೆ ಸಮ. ಹೀಗಾಗಿ ಅದು ನಡುವಿಗೆ ಮರಳುವ ಹೊತ್ತಿಗೆ ಸರಿಯಾಗಿ ಒಂದು ಸುತ್ತು ಮುಗಿದು, ಟ್ರಾನ್ಸ್‌ಮಿಟರ್ ಮುಂದಿನ ತಳ್ಳು ಕೊಡುವ ಕ್ಷಣ ಬಂದಿರುತ್ತದೆ. ನಾಗರ ಪಂಚಮಿಯ ಜೋಕಾಲಿ ಆಡಿಸಿದವರಿಗೆ ಇದು ಹೊಸದಲ್ಲ. ಜೋಕಾಲಿ ಹಿಂದಕ್ಕೆ ಬಂದು ತಿರುಗುವ ಗಳಿಗೆಯಲ್ಲೇ ಕೈ ಕೊಟ್ಟರೆ ಸಣ್ಣ ಹುಡುಗಿಯೂ ದೊಡ್ಡವರನ್ನು ಮರದ ಕೊಂಬೆಯ ಎತ್ತರಕ್ಕೆ ತೂಗಬಲ್ಲಳು. ಗಳಿಗೆ ತಪ್ಪಿದರೆ ಕೈ ನೋಯುತ್ತದೆ, ಜೋಕಾಲಿ ನಿಲ್ಲುತ್ತದೆ. ಈ ಹೊಂದಾಣಿಕೆಗೆ ಅನುರಣನೆ ಎಂದು ಹೆಸರು. 145 ಮೆಗಾಹರ್ಟ್ಸ್‌ನಲ್ಲಿ ಒಂದು ಸುತ್ತಿಗೆ ಹಿಡಿಯುವ ಸಮಯ ಒಂದು ಸೆಕೆಂಡಿನ ನೂರು ಕೋಟಿ ಪಾಲು ಮಾಡಿದರೆ ಅಂಥ ಏಳು ಪಾಲಿಗಿಂತಲೂ ಚೂರು ಕಡಿಮೆ.

ಅನುರಣನೆಯಲ್ಲಿರುವ ಡೈಪೋಲಿನ ನಡುವೆ ಕರೆಂಟು ಹೆಚ್ಚು, ವೋಲ್ಟೇಜು ಕಡಿಮೆ. ತುದಿಗಳಲ್ಲಿ ಅದು ತಿರುಗುಮುರುಗು. ಪ್ರಸಾರ ನಡೆಯುತ್ತಿರುವಾಗ ತುದಿಯನ್ನು ಮುಟ್ಟಿ ಬೆರಳು ಸುಟ್ಟುಕೊಂಡವರಿದ್ದಾರೆ. ನಡುವೆ ಕೇಬಲ್ಲಿಗೆ ಕಾಣುವ ಪ್ರತಿರೋಧ ಸುಮಾರು 70 ಓಮ್. ಟಿ.ವಿ. ಕೇಬಲ್ 75 ಓಮಿನದ್ದು, ಎರಡೂ ಕೈಕೈ ಹಿಡಿಯುತ್ತವೆ.

ಇಲ್ಲೊಂದು ಸಣ್ಣ ತಿದ್ದುಪಡಿ ಇದೆ. ಲೆಕ್ಕದಂತೆ 103 ಸೆಂಟಿಮೀಟರಿಗೆ ಕತ್ತರಿಸಿದ ಡೈಪೋಲ್ 145ರಲ್ಲಿ ಅನುರಣಿಸುವುದಿಲ್ಲ, ಸ್ವಲ್ಪ ಕೆಳಗಿನ ಕಂಪನಾಂಕದಲ್ಲಿ ಅನುರಣಿಸುತ್ತದೆ. ತಂತಿಗೆ ದಪ್ಪವಿದೆ, ಅದರ ತುದಿಗಳು ಗಾಳಿಯಲ್ಲಿ ಪುಟ್ಟ ಕೆಪಾಸಿಟರ್‌ಗಳಂತೆ ವರ್ತಿಸುತ್ತವೆ. ವಿದ್ಯುತ್ತಿನ ದೃಷ್ಟಿಯಲ್ಲಿ ತಂತಿ ಇರುವುದಕ್ಕಿಂತ ಉದ್ದ. ಅದಕ್ಕೇ ಅನುಭವಸ್ಥರು ನೂರಕ್ಕೆ ಐದರಷ್ಟು ಕಡಿಮೆ ಮಾಡಿ ಕತ್ತರಿಸುತ್ತಾರೆ. ದಪ್ಪ ಕೊಳವೆಯಾದರೆ ಇನ್ನೂ ಕಡಿಮೆ, ಪ್ಲಾಸ್ಟಿಕ್ ಹೊದಿಕೆಯ ವೈರಾದರೆ ಮತ್ತೂ ಕಡಿಮೆ. ತಂತಿಯೊಳಗೆ ಅಲೆ ನಿಧಾನವಾಗುತ್ತದೆ ಎಂದು ಇದಕ್ಕೆ ಕಾರಣ ಕೊಡುವ ರೂಢಿ ಇದೆ. ಬರಿಯ ತಂತಿಯ ಮಟ್ಟಿಗೆ ಆ ವಿವರಣೆ ಸರಿಯಲ್ಲ, ಅಲೆ ಅಲ್ಲಿ ಬೆಳಕಿನ ವೇಗಕ್ಕೆ ತೀರ ಹತ್ತಿರದಲ್ಲೇ ಓಡುತ್ತದೆ.

ಈಗ ಡೈಪೋಲನ್ನು ನೆಟ್ಟಗೆ ನಿಲ್ಲಿಸಿ, ಕೆಳಗಿನ ಅರ್ಧವನ್ನು ತೆಗೆದುಹಾಕೋಣ. ಉಳಿದದ್ದು ಕಾಲು ತರಂಗದ ಒಂದು ಕಡ್ಡಿ. ಅರ್ಧ ಉದ್ದ, ಅರ್ಧ ಖರ್ಚು, ಕಂಬದ ಮೇಲೆ ಕೂರಿಸುವುದೂ ಸುಲಭ. ಕೇಬಲ್ಲಿನ ಒಳತಂತಿಯನ್ನು ಅದಕ್ಕೆ ಬೆಸುಗೆ ಹಾಕಿದ್ದಾಯಿತು. ಹೊರಗಿನ ಜಾಲರಿಯನ್ನು ಯಾವುದಕ್ಕೆ ಸೇರಿಸುವುದು?

ಯಾವುದಕ್ಕೂ ಬೇಡ, ಹಾಗೇ ಬಿಡೋಣ ಎಂದುಕೊಳ್ಳುವವರೇ ಹೆಚ್ಚು. ಒಂದೇ ಕೈಯಲ್ಲಿ ಚಪ್ಪಾಳೆ ಆಗುವುದಿಲ್ಲ ಎಂಬ ಮಾತು ಇಲ್ಲಿ ಅಕ್ಷರಶಃ ನಿಜ. ಒಳತಂತಿಯಿಂದ ಕಡ್ಡಿಗೆ ಎಷ್ಟು ಕರೆಂಟು ಏರುತ್ತದೋ, ಜಾಲರಿಯ ಕಡೆಯಿಂದ ಅಷ್ಟೇ ಕರೆಂಟು ಎದುರು ದಿಕ್ಕಿನಲ್ಲಿ ಎಲ್ಲಾದರೂ ಹರಿಯಲೇಬೇಕು. ಡೈಪೋಲಿನಲ್ಲಿ ಕೆಳಗಿನ ಅರ್ಧ ಆ ಕೆಲಸ ಮಾಡುತ್ತಿತ್ತು. ಅದನ್ನು ತೆಗೆದಾಗ ಕೆಲಸ ತಪ್ಪಲಿಲ್ಲ, ಕೆಲಸದವನು ತಪ್ಪಿಸಿಕೊಂಡ. ಆ ಜಾಗಕ್ಕೆ ಬರುವುದೇ ಗ್ರೌಂಡ್ ಪ್ಲೇನ್, ಕಡ್ಡಿಯ ಬುಡದಲ್ಲಿ ಹರಡಿಕೊಂಡ ಲೋಹದ ಹಾಸು.

ಹಾಸು ಸಾಕಷ್ಟು ದೊಡ್ಡದಾಗಿದ್ದರೆ ಅದು ಕನ್ನಡಿಯಂತೆ. ಗಾಳಿಯಿಲ್ಲದ ಹೊತ್ತಿನಲ್ಲಿ ಕೆರೆಯ ದಂಡೆಯ ತೆಂಗಿನ ಮರ ನೀರಿನಲ್ಲಿ ತಲೆಕೆಳಗಾಗಿ ನಿಂತಂತೆ, ಹಾಸಿನ ಕೆಳಗೆ ಇನ್ನೊಂದು ಕಾಲು ತರಂಗದ ಕಡ್ಡಿ ಇದೆಯೋ ಎಂಬಂತೆ ಅಲೆಗಳು ಹೊರಡುತ್ತವೆ. ಡೈಪೋಲ್ ಪೂರ್ತಿಯಾಯಿತು. ಆದರೆ ಶಕ್ತಿ ಹೋಗುವುದು ಹಾಸಿನ ಮೇಲಿನ ಅರ್ಧ ಆಕಾಶಕ್ಕೆ ಮಾತ್ರ. ಹಾಗಾಗಿ ಪ್ರತಿರೋಧವೂ ಅರ್ಧಕ್ಕಿಳಿದು ಸುಮಾರು 36 ಓಮ್ ಆಗುತ್ತದೆ. ಈ ಅಂಕಿ ಮುಂದೆ ಬೇಕಾಗುತ್ತದೆ.

ಕಾರಿನ ಮೇಲೆ ಆಯಸ್ಕಾಂತದ ಬುಡವಿರುವ ಕಡ್ಡಿ ಇಟ್ಟಾಗ ಈ ಹಾಸು ಪುಕ್ಕಟೆ ಸಿಗುತ್ತದೆ. ಕಬ್ಬಿಣದ ಛಾವಣಿಯೇ ಕನ್ನಡಿ. ಬಣ್ಣದ ಪದರ ನಡುವೆ ಇದ್ದರೂ ಅಷ್ಟು ತೆಳುವಾದ ಅಂತರವನ್ನು ರೇಡಿಯೊ ಕರೆಂಟು ಲೆಕ್ಕಿಸುವುದಿಲ್ಲ. ಕಡ್ಡಿಯನ್ನು ಛಾವಣಿಯ ನಡುವೆ ಇಟ್ಟರೆ ಸುತ್ತಲೂ ಅರ್ಧ ಮೀಟರಿನಷ್ಟು ಲೋಹ ಸಿಗುತ್ತದೆ. ಮೂಲೆಗೆ ತಳ್ಳಿದರೆ ಒಂದು ಕಡೆ ಹಾಸು ಹೆಚ್ಚು, ಇನ್ನೊಂದು ಕಡೆ ಕಡಿಮೆ. ಪ್ರಸಾರವೂ ಹಾಗೆಯೇ ವಾಲುತ್ತದೆ.

ಅಲೆ ಉದ್ದವಾದಾಗ ಕಾರಿನ ಛಾವಣಿ ಸಾಲದು, ನೆಲವೇ ಬೇಕು. 1895ರಲ್ಲಿ ಇಟಲಿಯ ಬೊಲೋನ್ಯ ಬಳಿ ತನ್ನ ಮನೆಯ ತೋಟದಲ್ಲಿ ಪ್ರಯೋಗ ಮಾಡುತ್ತಿದ್ದ ಮಾರ್ಕೊನಿ, ಜೋಡಿಯ ಒಂದು ತುದಿಯನ್ನು ಎತ್ತರಕ್ಕೇರಿಸಿ ಇನ್ನೊಂದನ್ನು ಮಣ್ಣಿಗೆ ಸೇರಿಸಿದಾಗ ಸಂಕೇತ ಗುಡ್ಡ ದಾಟಿ ಹೋಯಿತು. ನೆಲದ ಮೇಲೆ ನಿಂತ ಇಂಥ ಕಂಬಕ್ಕೆ ಇಂದಿಗೂ ಮಾರ್ಕೊನಿ ಆಂಟೆನಾ ಎಂಬ ಹೆಸರಿದೆ. ಧಾರವಾಡ ಆಕಾಶವಾಣಿಯ ಮಧ್ಯಮ ತರಂಗದ 765 ಕಿಲೋಹರ್ಟ್ಸ್ ಕೇಳಿ ಬೆಳೆದವರು ಬಹಳ ಮಂದಿ. ಆ ಅಲೆಯ ಉದ್ದ 392 ಮೀಟರ್. ನೆಟ್ಟಗೆ ನಿಲ್ಲಿಸುವ ಡೈಪೋಲಿಗೆ 196 ಮೀಟರ್ ಬೇಕು, ಕಾಲು ತರಂಗಕ್ಕೆ 98 ಮೀಟರ್ ಸಾಕು. ಉಳಿದ 98 ಮೀಟರನ್ನು ಭೂಮಿಯೆಂಬ ಕನ್ನಡಿಯಿಂದ ಎರವಲು ಪಡೆಯಬೇಕು.

ಭೂಮಿ ಮಾತ್ರ ಮಸುಕಾದ ಕನ್ನಡಿ. ಮಣ್ಣಿನಲ್ಲಿ ಕರೆಂಟು ಹರಿದರೆ ಮಣ್ಣು ಬಿಸಿಯಾಗುತ್ತದೆ, ಅಷ್ಟು ಶಕ್ತಿ ಶ್ರೋತೃಗಳಿಗೆ ತಪ್ಪಿತು. ಎಷ್ಟು ತಂತಿ ಹೂತರೆ ಈ ನಷ್ಟ ನೀಗುತ್ತದೆ ಎಂಬುದನ್ನು ಅಮೆರಿಕದ ಆರ್‌ಸಿಎ ಕಂಪನಿಯ ಜಾರ್ಜ್ ಬ್ರೌನ್, ರಾಬರ್ಟ್ ಲೂಯಿಸ್ ಮತ್ತು ಜೆಸ್ ಎಪ್‌ಸ್ಟೈನ್ ಹೊಲವೊಂದರಲ್ಲಿ ತಾಮ್ರದ ತಂತಿಗಳನ್ನು ಹೂತು ಅಳೆದು, 1937ರಲ್ಲಿ ಪ್ರಕಟಿಸಿದರು. ಎರಡೇ ತಂತಿಯಿಂದ ಶುರುಮಾಡಿ 113ರವರೆಗೆ ಹೋದರು. ತಂತಿಗಳ ಸಂಖ್ಯೆ ನೂರು ದಾಟಿದ ಮೇಲೆ ಲಾಭ ಕೈಗೆ ಸಿಗದಷ್ಟು ಸಣ್ಣದಾಯಿತು. ಮಧ್ಯಮ ತರಂಗದ ಕಂಬದ ಬುಡದಿಂದ ರಥದ ಗಾಲಿಯ ಅರಗಳಂತೆ 120 ತಂತಿ ಹೂಳುವ ಪದ್ಧತಿಗೆ ಈ ಅಳತೆಗಳೇ ಆಧಾರ. ಧಾರವಾಡದ ಕಂಪನಾಂಕದ ಅಲೆಗೆ ಈ ಲೆಕ್ಕ ಹಾಕಿದರೆ, ತಲಾ 98 ಮೀಟರಿನಂತೆ 120 ತಂತಿ ಸೇರಿ ಸುಮಾರು 12 ಕಿಲೋಮೀಟರ್ ತಾಮ್ರವಾಗುತ್ತದೆ. ದೂರದಿಂದ ಕಾಣುವ ಕಂಬಕ್ಕಿಂತ ಹೆಚ್ಚಿನ ಆಂಟೆನಾ ಹುಲ್ಲಿನ ಕೆಳಗೆ ಮಲಗಿರುತ್ತದೆ.

ಅದೇ ಬ್ರೌನ್ ಮುಂದೆ ಪೊಲೀಸ್ ವೈರ್‌ಲೆಸ್‌ನಂಥ ಚಿಕ್ಕ ಅಲೆಗಳಿಗೆ, ಎತ್ತರದ ಕಂಬದ ತುದಿಯಲ್ಲಿ ನಿಲ್ಲುವ ಆಂಟೆನಾ ರೂಪಿಸಿದರು. ಅಷ್ಟು ಮೇಲೆ ಮಣ್ಣೆಲ್ಲಿಂದ ತರುವುದು? ಕಡ್ಡಿಯ ಬುಡದಲ್ಲಿ ಕಾಲು ತರಂಗದ ನಾಲ್ಕು ತಂತಿಗಳನ್ನು ಅಡ್ಡಲಾಗಿ ಚಾಚಿದರೆ ಸಾಕು ಎಂಬುದು ಅವರ ಉತ್ತರ. ಇವಕ್ಕೆ ರೇಡಿಯಲ್ ಎನ್ನುತ್ತಾರೆ. ಎದುರುಬದುರಾಗಿ ಚಾಚಿದ ರೇಡಿಯಲ್‌ಗಳಲ್ಲಿ ಕರೆಂಟು ವಿರುದ್ಧ ದಿಕ್ಕುಗಳಿಗೆ ಹರಿಯುವುದರಿಂದ ಅವುಗಳ ಅಲೆಗಳು ಬಹುತೇಕ ಒಂದನ್ನೊಂದು ಅಳಿಸಿಹಾಕುತ್ತವೆ, ಪ್ರಸಾರ ಮಾಡುವುದು ನಿಂತ ಕಡ್ಡಿ ಮಾತ್ರ. ಹೀಗೆ ನೋಡಿದರೆ ಎರಡು ರೇಡಿಯಲ್ ಇದ್ದರೂ ನಡೆಯುತ್ತದೆ. ಬ್ರೌನ್ ಮೊದಲು ಮಾಡಿದ್ದೂ ಎರಡರದ್ದೇ. ಎರಡೇ ತಂತಿಯ ಆಂಟೆನಾ ಎಲ್ಲ ದಿಕ್ಕಿಗೂ ಸಮನಾಗಿ ಬಿತ್ತರಿಸುತ್ತದೆಂದು ನೋಡಿದವರು ನಂಬಲಿಲ್ಲ, ನಂಬಿಕೆಗಾಗಿ ಇನ್ನೆರಡು ಸೇರಿದವು.

ನಾಲ್ಕು ರೇಡಿಯಲ್‌ಗಳ ಈ ಆಂಟೆನಾ ಹ್ಯಾಮ್ ಪರೀಕ್ಷೆ ಪಾಸಾಗಿ ಲೈಸೆನ್ಸ್ ಪಡೆದವರು ಮೊದಲು ಕಟ್ಟುವವುಗಳಲ್ಲಿ ಒಂದು. ಸಾಮಾನು ಹೆಚ್ಚಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಸಿಗುವ, ನಾಲ್ಕು ಮೂಲೆಗೆ ನಾಲ್ಕು ತೂತಿರುವ ಚೌಕಾಕಾರದ ಎಸ್‌ಓ-239 ಸಾಕೆಟ್ ಒಂದು. ಮೋಟಾರ್ ವೈಂಡಿಂಗ್ ಅಂಗಡಿಯ ಎರಡು ಮಿಲಿಮೀಟರ್ ದಪ್ಪದ ತಾಮ್ರದ ತಂತಿ ಮೂರು ಮೀಟರ್. ವೈಂಡಿಂಗ್ ತಂತಿಗೆ ಕೆಂಪುಕಂದು ವಾರ್ನಿಷ್ ಇರುತ್ತದೆ, ಜೋಡಿಸುವ ತುದಿಯನ್ನು ಉಪ್ಪು ಕಾಗದದಿಂದ ತಿಕ್ಕಿ ತಾಮ್ರ ಹೊಳೆಯುವಂತೆ ಮಾಡದಿದ್ದರೆ ಬೆಸುಗೆ ಹಿಡಿಯುವುದಿಲ್ಲ. 52 ಸೆಂಟಿಮೀಟರಿನ ಒಂದು ತುಂಡನ್ನು ಸಾಕೆಟ್ಟಿನ ನಡುವಿನ ಪುಟ್ಟ ಬಟ್ಟಲಿಗೆ ಬೆಸೆದು ನೆಟ್ಟಗೆ ನಿಲ್ಲಿಸಬೇಕು. ಅದಕ್ಕಿಂತ ತುಸು ಉದ್ದದ ನಾಲ್ಕನ್ನು ಮೂಲೆಯ ತೂತುಗಳಿಗೆ ಬೋಲ್ಟು ಹಾಕಿ ಬಿಗಿಯಬೇಕು. ಕೇಬಲ್ ಸಾಕೆಟ್ಟಿನ ಅಡಿಯಿಂದ ನೇರ ಕೆಳಗಿಳಿಯುತ್ತದೆ.

ಈಗ ಅಳತೆ. ನ್ಯಾನೋ ವಿಎನ್‌ಎ ಎಂಬ ಅಂಗೈಯಗಲದ ಯಂತ್ರವನ್ನು ಕೇಬಲ್ಲಿಗೆ ಸಿಕ್ಕಿಸಿದರೆ ಪರದೆಯ ಮೇಲೆ ಒಂದು ಗೆರೆ ಮೂಡುತ್ತದೆ. ಆಂಟೆನಾ ಎಷ್ಟು ಶಕ್ತಿಯನ್ನು ಹಿಂದಕ್ಕೆ ತಳ್ಳುತ್ತಿದೆ ಎಂಬುದು ಗೆರೆಯ ಎತ್ತರದಲ್ಲಿ ಕಾಣುತ್ತದೆ. ಅನುರಣನೆಯ ಕಂಪನಾಂಕದಲ್ಲಿ ಗೆರೆ ಗುಂಡಿಗೆ ಬಿದ್ದಂತೆ ಕುಸಿಯುತ್ತದೆ. ಗುಂಡಿ 138 ಮೆಗಾಹರ್ಟ್ಸ್‌ನಲ್ಲಿ ಬಿತ್ತು ಎನ್ನೋಣ. ಬೇಕಾದ್ದಕ್ಕಿಂತ ಕಡಿಮೆ ಕಂಪನಾಂಕ, ಅಂದರೆ ಕಡ್ಡಿ ಉದ್ದವಾಯಿತು. 52ನ್ನು 138ರಿಂದ ಗುಣಿಸಿ 145ರಿಂದ ಭಾಗಿಸಿದರೆ 49.5 ಬರುತ್ತದೆ, ಎರಡೂವರೆ ಸೆಂಟಿಮೀಟರ್ ಹೋಗಬೇಕು. ಒಂದೇ ಏಟಿಗೆ ಕತ್ತರಿಸದೆ ಅರ್ಧರ್ಧ ಸೆಂಟಿಮೀಟರ್ ತೆಗೆದು ಪ್ರತಿ ಸಲ ನೋಡುವುದು ಜಾಣತನ, ಏಕೆಂದರೆ ಕತ್ತರಿಗೆ ಸೇರಿಸುವ ಕೆಲಸ ಗೊತ್ತಿಲ್ಲ.

ಗುಂಡಿ 145ಕ್ಕೆ ಬಂದರೂ ಆಳ ಸಾಲದೆ ಇರಬಹುದು. ರೇಡಿಯೊ ಮತ್ತು ಅದರ ಕೇಬಲ್ 50 ಓಮಿನವು, ಅಡ್ಡ ಚಾಚಿದ ರೇಡಿಯಲ್‌ಗಳ ಆಂಟೆನಾ 36 ಓಮ್ ಅಥವಾ ಇನ್ನೂ ಕಡಿಮೆಯದು. ಇದಕ್ಕೆ ಔಷಧ ಬಲು ಚೆಲುವಾದದ್ದು: ನಾಲ್ಕೂ ರೇಡಿಯಲ್‌ಗಳನ್ನು ಕೈಯಿಂದಲೇ ಕೆಳಕ್ಕೆ ಬಗ್ಗಿಸಬೇಕು. ಪೂರ್ತಿ ಕೆಳಗೆ ಜೋತುಬಿಟ್ಟರೆ ಅದು ಮತ್ತೆ ಡೈಪೋಲೇ ಆಗಿ 70 ಓಮಿನ ಕಡೆ ಹೋಗುತ್ತದೆ. ಅಡ್ಡಕ್ಕೂ ನೆಟ್ಟಗಿನದ್ದಕ್ಕೂ ನಡುವೆ, ಸುಮಾರು 45 ಡಿಗ್ರಿಯಲ್ಲಿ, 50 ಓಮ್ ಕಾದು ಕೂತಿರುತ್ತದೆ. ತಂತಿ ಬಗ್ಗುತ್ತಿದ್ದಂತೆ ಪರದೆಯ ಮೇಲಿನ ಗುಂಡಿ ಆಳವಾಗುವುದನ್ನು ನೋಡುವುದೇ ಒಂದು ಖುಷಿ. ತಾರಸಿಯ ಮೇಲಿನ ಇಂಥ ಆಂಟೆನಾಗಳು ಕಡ್ಡಿ ಮುರಿದ ಛತ್ರಿಯಂತೆ ಕಾಣುವುದು ಇದಕ್ಕೇ.

ರೇಡಿಯಲ್ ಹಾಕದೆ ಬಿಟ್ಟರೆ? ಆಂಟೆನಾ ಕೆಲಸ ಮಾಡಿಯೇ ಮಾಡುತ್ತದೆ, ಅದೇ ಮೋಸ. ಇಷ್ಟು ಹೆಚ್ಚಿನ ಕಂಪನಾಂಕದಲ್ಲಿ ಕರೆಂಟು ಲೋಹದ ಚರ್ಮದ ಮೇಲಷ್ಟೇ ಹರಿಯುತ್ತದೆ. ಹೀಗಾಗಿ ಕೇಬಲ್ಲಿನ ಜಾಲರಿಯ ಒಳಮೈ ಮತ್ತು ಹೊರಮೈ ಎರಡು ಬೇರೆ ಬೇರೆ ತಂತಿಗಳಿದ್ದಂತೆ. ಒಳಮೈಯಲ್ಲಿ ಬಂದ ಕರೆಂಟಿಗೆ ತುದಿಯಲ್ಲಿ ರೇಡಿಯಲ್ ಸಿಗದಿದ್ದರೆ ಅದು ಅಂಚು ಸುತ್ತಿ ಹೊರಮೈಗೆ ಇಳಿದು, ಕೇಬಲ್ ಹಿಡಿದುಕೊಂಡೇ ಮನೆಯೊಳಗೆ ಬರುತ್ತದೆ. ಆಂಟೆನಾದ ಇನ್ನರ್ಧವಾಗಿ ಕೇಬಲ್ಲೇ ನೇಮಕಗೊಂಡಿತು.

ಇದನ್ನು ಪತ್ತೆಹಚ್ಚಲು ಯಂತ್ರದ ಪರದೆ ನೋಡುತ್ತ ಕೇಬಲ್ಲನ್ನು ಮುಷ್ಟಿಯಲ್ಲಿ ಹಿಡಿದು ಕೈ ಮೇಲೆ ಕೆಳಗೆ ಜಾರಿಸಬೇಕು. ಗುಂಡಿ ಅತ್ತಿತ್ತ ಓಡಾಡಿದರೆ ಕೇಬಲ್ಲಿನ ಹೊರಮೈಯಲ್ಲಿ ಕರೆಂಟಿದೆ. ಪ್ರಸಾರ ಮಾಡುವಾಗ ಪಕ್ಕದ ಸ್ಪೀಕರ್ ಗುರ್ ಎನ್ನುವುದು, ಮೈಕಿನ ಲೋಹ ತುಟಿಗೆ ತಾಗಿ ಚುರುಕ್ ಎನ್ನುವುದು ಕೂಡ ಇದೇ ಕಾಯಿಲೆಯ ಲಕ್ಷಣ. ರೇಡಿಯಲ್ ಹಾಕಿದ ಮೇಲೂ ಕೊಂಚ ಉಳಿದರೆ, ಆಂಟೆನಾದ ಕೆಳಗೇ ಕೇಬಲ್ಲಿಗೆ ಫೆರೈಟ್ ಉಂಗುರಗಳನ್ನು ತೊಡಿಸುತ್ತಾರೆ. ಲ್ಯಾಪ್‌ಟಾಪ್ ಚಾರ್ಜರಿನ ವೈರಿನಲ್ಲಿ ಹೆಬ್ಬೆರಳಿನ ಗಾತ್ರದ ಒಂದು ಉಬ್ಬು ಇರುತ್ತದಲ್ಲ, ಅದರೊಳಗಿರುವುದೂ ಇದೇ.

ಇನ್ನು ಅರ್ತಿಂಗ್‌ನ ಗೊಂದಲ. ಗ್ರೌಂಡ್ ಎಂಬ ಪದ ಕೇಳಿದ ಕೂಡಲೇ ಎಲೆಕ್ಟ್ರಿಷಿಯನ್ ಹಿತ್ತಲಲ್ಲಿ ಗುಂಡಿ ತೋಡಿ, ಉಪ್ಪು ಇದ್ದಿಲು ತುಂಬಿ, ತಾರಸಿಯ ಆಂಟೆನಾದಿಂದ ಅಲ್ಲಿಗೆ ತಂತಿ ಎಳೆಯಲು ಸಿದ್ಧನಾಗುತ್ತಾನೆ. ಸಿಡಿಲಿನಿಂದ ಕಾಪಾಡಿಕೊಳ್ಳಲು ಅದು ಬೇಕೇ ಬೇಕು. ಆದರೆ ರೇಡಿಯಲ್‌ಗಳ ಕೆಲಸ ಅದರಿಂದಾಗದು. ಮೂರನೇ ಮಹಡಿಯಿಂದ ಇಳಿಯುವ ಹತ್ತು ಮೀಟರ್ ತಂತಿ 145 ಮೆಗಾಹರ್ಟ್ಸ್‌ನ ಲೆಕ್ಕದಲ್ಲಿ ಸುಮಾರು ಐದು ಪೂರ್ತಿ ಅಲೆಗಳಷ್ಟು ಉದ್ದ. ಆ ಕರೆಂಟಿಗೆ ಹಿತ್ತಲಿನ ಗುಂಡಿ ಬೇರೆ ಊರಿನಲ್ಲಿದ್ದಂತೆ; ಅದಕ್ಕೆ ಇನ್ನರ್ಧ ಬೇಕಾಗಿರುವುದು ಕಡ್ಡಿಯ ಬುಡದಲ್ಲೇ, ಅಲ್ಲಿಂದ ಅರ್ಧ ಮೀಟರಿನೊಳಗೆ.

ಯಂತ್ರವೂ ಒಮ್ಮೊಮ್ಮೆ ಹುಸಿ ಸಮಾಧಾನ ಹೇಳುತ್ತದೆ. ನೆಲದ ಮೇಲೆ ನಿಂತ ಉದ್ದ ಅಲೆಯ ಕಾಲು ತರಂಗದ ಕಂಬವೊಂದಕ್ಕೆ ನಾಲ್ಕೇ ತಂತಿ ಹೂತಿದ್ದಾರೆ, ಮಣ್ಣಿನ ನಷ್ಟ 14 ಓಮ್ ಎಂದಿಟ್ಟುಕೊಳ್ಳಿ. ಪ್ರಸಾರದ 36ಕ್ಕೆ ಈ 14 ಸೇರಿ ಸರಿಯಾಗಿ 50. ಪರದೆಯ ಮೇಲೆ ಗುಂಡಿ ನೆಲ ಮುಟ್ಟುತ್ತದೆ, ಕಟ್ಟಿದವರು ಬೀಗುತ್ತಾರೆ. ನೂರು ವಾಟಿನಲ್ಲಿ 28 ವಾಟು ಎರೆಹುಳುಗಳಿಗೆ ಕಾವು ಕೊಡಲು ಹೋಗುತ್ತಿರುತ್ತದೆ. ಇನ್ನಷ್ಟು ತಂತಿ ಹೂತು ನಷ್ಟ ಇಳಿಸಿದರೆ ಒಟ್ಟು ಪ್ರತಿರೋಧ 36ರ ಕಡೆ ಜಾರಿ ಗುಂಡಿಯ ಆಳ ಕಡಿಮೆಯಾಗುತ್ತದೆ. ಯಂತ್ರದ ಪ್ರಕಾರ ಆಂಟೆನಾ ಕೆಟ್ಟಿತು, ದೂರದ ಕೇಳುಗನ ಪ್ರಕಾರ ಸುಧಾರಿಸಿತು. ಇಂಥಲ್ಲಿ ಕೇಳುಗನ ಮಾತೇ ಸರಿ.

ಜಾತ್ರೆ, ಬಂದೋಬಸ್ತಿನಲ್ಲಿ ಕಾಣುವ ವಾಕಿಟಾಕಿಗೆ ರೇಡಿಯಲ್‌ಗಳ ಛತ್ರಿ ಕಟ್ಟಲಾಗದು. ಅಲ್ಲಿ ಮತ್ತೆ ಫೋನಿನ ಕಥೆಯೇ: ಸೆಟ್ಟಿನ ಮೈ ಮತ್ತು ಹಿಡಿದವರ ಕೈ ಇನ್ನರ್ಧದ ಪಾತ್ರ ವಹಿಸುತ್ತವೆ, ಅದೂ ಅರೆಮನಸ್ಸಿನಿಂದ. ದೂರದವರಿಗೆ ದನಿ ಮುಟ್ಟದಾಗ ಹ್ಯಾಮ್‌ಗಳು 49 ಸೆಂಟಿಮೀಟರಿನ ಒಂದು ಮೆತ್ತನೆಯ ವೈರು ತೆಗೆದುಕೊಂಡು, ಅದರ ತುದಿಯನ್ನು ಆಂಟೆನಾ ಸ್ಕ್ರೂ ಆಗುವ ಜಾಗದ ಹೊರ ಲೋಹದ ಉಂಗುರಕ್ಕೆ ಸಿಕ್ಕಿಸಿ, ಉಳಿದದ್ದನ್ನು ಕೆಳಗೆ ಇಳಿಬಿಡುತ್ತಾರೆ. ಹುಲಿಬಾಲ ಎಂದು ಅದಕ್ಕೆ ಅಡ್ಡಹೆಸರು. ಮೇಲಿನ ಕಡ್ಡಿಗೂ ಈ ಬಾಲಕ್ಕೂ ನೇರ ಸಂಪರ್ಕವಿಲ್ಲ, ಇನ್ನೊಂದು ತುದಿ ಗಾಳಿಯಲ್ಲಿ ಸುಮ್ಮನೆ ತೂಗುತ್ತಿರುತ್ತದೆ. ಅಷ್ಟರಿಂದಲೇ ಅಲ್ಲಿಯವರೆಗೆ ಕರಕರ ಎನ್ನುತ್ತಿದ್ದ ದನಿ ಆಚೆ ಬದಿಯಲ್ಲಿ ಮಾತಾಗಿ ಕೇಳತೊಡಗುವುದುಂಟು.